ಮುಂಬಯಿಗೊಂದು ಪ್ರತಿ

ಅಹಮದಾಬಾದಿನ ಕನ್ನಡದವರಲ್ಲಿ ಯಾರು ಯಾವ ಅರ್ಜಿ ಬರೆಸಬೇಕಾದರೂ ಇಂದುಮತಿಯ ಮನೆಯ ಮೆಟ್ಟಿಲು ಹತ್ತಬೇಕು. ಅದು ಆ ಕಾಲದ ಅಲಿಖಿತ ಕಾನೂನು. ರೈಲ್ವೆ ಪಾಸಿನ ಅರ್ಜಿ, ಮಗುವಿನ ಶಾಲೆಯ ಅರ್ಜಿ, ವರ್ಗಾವಣೆ ಬೇಡವೆಂಬ ಅರ್ಜಿ, ಬೇಕೆಂಬ ಅರ್ಜಿ, ಎಲ್ಲವೂ ಅವಳ ಕೈಯಿಂದಲೇ. ಉಡುಪಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮದುವೆಯಾಗಿ, ಖಾಡಿಯಾ ಪೇಟೆಯ ಒಂದು ಪೋಳದೊಳಗೆ, ಅಂದರೆ ಇಕ್ಕಟ್ಟಿನ ಗಲ್ಲಿಯೊಳಗೆ, ಸಂಸಾರ ಹೂಡಿದ ಹೆಂಗಸು. ಇಂಗ್ಲಿಷ್ ಅಕ್ಷರ ಎಂದರೆ ಅಚ್ಚು ಹಾಕಿದ ಹಾಗೆ. ಬರೆಸಿಕೊಂಡವರು ಕೊಡುವ ಕೂಲಿ ಏನು ಎಂದು ಕೇಳಬೇಡಿ. ಒಂದು ಸೇರು ಬೆಲ್ಲವೋ, ಊರಿಂದ ಬಂದ ಹಪ್ಪಳವೋ. ಹೆಚ್ಚಿನವರು ಅದನ್ನೂ ಮರೆಯುತ್ತಿದ್ದರು. ಅವಳು ಮಾತ್ರ ಯಾರ ಅರ್ಜಿಯನ್ನೂ ಮರೆಯುತ್ತಿರಲಿಲ್ಲ.

ಅವಳಿಗೆ ಎರಡು ಹಟ ಇದ್ದವು. ಒಂದು, ಇದ್ದದ್ದು ಇದ್ದ ಹಾಗೆ ಬರೆಯುವುದು. "ಅಜ್ಜಿ ಸತ್ತರು ಅಂತ ಬರೀರಿ" ಎಂದು ರಜೆ ಬೇಕಾದ ಒಬ್ಬ ಗುಮಾಸ್ತ ಬಂದಾಗ, "ಅಜ್ಜಿ ಯಾವಾಗ ಸತ್ತದ್ದು?" ಎಂದು ಕೇಳಿ, ಹತ್ತು ವರ್ಷದ ಹಿಂದೆ ಎಂದು ಗೊತ್ತಾದ ಮೇಲೆ ಅವನಿಗೆ ಕಾಫಿ ಕೊಟ್ಟು ಹೊರಗೆ ಕಳಿಸಿದ್ದಳು. ಎರಡನೆಯದು, ಕಾಗದದ ಕೊನೆಗೆ ಎಡಗಡೆಯಲ್ಲಿ ಮೇಲಧಿಕಾರಿಗೊಂದು ಪ್ರತಿ ಹಾಕುವುದು. ಇದನ್ನು ಅವಳಿಗೆ ಕಲಿಸಿದವನು ರೈಲ್ವೆಯಿಂದ ನಿವೃತ್ತನಾದ ಗುಂಡಪ್ಪ. "ಮೇಲಿನವನಿಗೆ ಒಂದು ಪ್ರತಿ ಹೋಗಿಲ್ಲ ಅಂದ್ರೆ ಕೆಳಗಿನವನು ಕಾಗದವನ್ನು ಕೈಯಲ್ಲೂ ಮುಟ್ಟೋದಿಲ್ಲಮ್ಮ" ಎಂದು ಆತ ಹೇಳಿದ್ದ. ಹೇಳಿದ್ದು ಖರೆಯೇ. ಅರ್ಧ ಅರ್ಜಿಗಳು ಪಾಸಾದದ್ದು ಆ ಕೊನೆಯ ಸಾಲಿನ ದೆಸೆಯಿಂದಲೇ.

ಅವಳ ಗಂಡ ಗಣಪತಿ ಕೊಡೆ ಮಾಡಿಸುವವನು. ವರ್ಷಕ್ಕೆ ಮೂರು ತಿಂಗಳು ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಊರಿನಲ್ಲಿ ಕೊಡೆಯ ಕಾರಖಾನೆ! ನಗಬೇಡಿ. ಬಿಸಿಲಿಗೂ ಅಲ್ಲಿ ಕೊಡೆ ಬೇಕು, ಅಲ್ಲದೆ ಊರಿನ ಮಿಲ್ಲಿನ ಕರಿ ಬಟ್ಟೆ ಅಗ್ಗ. ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಆರು ಹೆಂಗಸರು ಕುಳಿತು ಬಟ್ಟೆ ಕತ್ತರಿಸಿ, ಹೊಲಿದು, ಕಡ್ಡಿಗೆ ಕಟ್ಟುತ್ತಿದ್ದರು. ಜನವರಿಯಿಂದ ಮೇ ತನಕ ಕೆಲಸ. ಮಾರ್ಚ್ ಬಂತೆಂದರೆ ಸಿದ್ಧವಾದ ಕೊಡೆಗಳು ಆಗಿಂದಾಗ ಮಾಣೆಕ್ ಚೌಕಿನ ಅಂಗಡಿಗಳಿಗೆ, ರೈಲಿನ ಪಾರ್ಸೆಲ್ಲಿನಲ್ಲಿ ವಡೋದರಾಕ್ಕೆ, ಸೂರತ್ತಿಗೆ.

ಅಂಗಡಿಗಳಿಗೆ ಹೋಗುವುದು ಮಾರಾಟಕ್ಕೆ ಅಲ್ಲ, ಜಾಂಗಡಿಗೆ. ಗುಜರಾತಿನ ವ್ಯಾಪಾರದ ಪದ್ಧತಿ ಅದು. ಮಾಲು ಇಟ್ಟುಕೊಳ್ಳಿ, ಮಾರಿದರೆ ದುಡ್ಡು ಕೊಡಿ, ಮಾರದಿದ್ದರೆ ಮಾಲು ವಾಪಸ್ಸು ಕೊಡಿ. ಒಂದು ಚೀಟಿ, ಒಂದು ಸಹಿ, ಅಷ್ಟೆ. ಮಾರುವ ತನಕ ಮಾಲು ಕಳಿಸಿದವನದ್ದೇ. ಲೆಕ್ಕ ಚುಕ್ತಾ ಆಗುವುದು ಮಾತ್ರ ದೀಪಾವಳಿಗೆ, ಹೊಸ ಲೆಕ್ಕದ ಪುಸ್ತಕಗಳ ಚೋಪಡಾ ಪೂಜೆಗೆ ಮುಂಚೆ. ಅಲ್ಲಿಯ ತನಕ ಸೇಠ್‌ಗಳನ್ನು ಕೇಳಿದರೆ ನಗುತ್ತಾರೆ, ಚಹಾ ತರಿಸುತ್ತಾರೆ, ದುಡ್ಡು ತರಿಸುವುದಿಲ್ಲ.

ಹಾಗಾಗಿ ಬಟ್ಟೆ, ಕಡ್ಡಿ, ಕೂಲಿಗೆ ದುಡ್ಡು ಬೇಕಾಗುವುದು ಬೇಸಿಗೆಯಲ್ಲಿ, ಬರುವುದು ಕಾರ್ತಿಕದಲ್ಲಿ. ನಡುವಿನ ಬರಗಾಲಕ್ಕೆ ರಿಲೀಫ್ ರೋಡಿನ ಒಂದು ಬ್ಯಾಂಕು ೧೯೬೫ರ ಕೊನೆಗೆ, ಮೊದಲ ಸಲ, ಹನ್ನೆರಡು ಸಾವಿರದ ಸಾಲ ಕೊಟ್ಟಿತ್ತು. ಮಾಲಿನ ಮೇಲಿನ ಸಾಲ. ಮಾಲು ಮನೆಯ ಕೆಳಗಿರುವ ಗಣಪತಿಯ ಗೋದಾಮಿನಲ್ಲೇ ಇರುತ್ತದೆ, ಬೀಗವೂ ಅವನದೇ, ಆದರೆ ಹಕ್ಕು ಬ್ಯಾಂಕಿನದು. ಬಾಗಿಲಿಗೆ ಬ್ಯಾಂಕಿನ ಹೆಸರಿನ ತಗಡಿನ ಬೋರ್ಡು ಬೇರೆ. ತಿಂಗಳಿಗೊಮ್ಮೆ ಅಚ್ಚಾದ ಫಾರಮಿನಲ್ಲಿ ಎಷ್ಟು ಕೊಡೆ ಇದೆ ಎಂದು ತುಂಬಿ ಕೊಡಬೇಕು. ಆ ಮಾಲಿನ ಬೆಲೆಯಲ್ಲಿ ರೂಪಾಯಿಗೆ ಹನ್ನೆರಡಾಣೆಯಷ್ಟು ಮಾತ್ರ ಸಾಲ ಎತ್ತಬಹುದು. ತಿಂಗಳಿಗೊಮ್ಮೆ ಮ್ಯಾನೇಜರು ಖುದ್ದಾಗಿ ಬಂದು ಗೋದಾಮು ನೋಡಿ, ಎಣಿಸಿ, ಸಹಿ ಹಾಕಬೇಕು. ಜೂನ್ ಮೂವತ್ತಕ್ಕೆ ಸಾಲವೆಲ್ಲ ತೀರಿಸಿ ಹೊಸದಾಗಿ ಕೇಳಬೇಕು. ಷರತ್ತು ಬರೆದವನಿಗೆ ಕೊಡೆಯ ಕಸುಬಿನ ಗಂಧ ಇರಲಿಲ್ಲ. ಜೂನ್ ಮೂವತ್ತು ಎಂದರೆ ಗಣಪತಿಯ ಕೈ ಪೂರ್ತಿ ಬರಿದಾಗುವ ದಿನ.

ಮ್ಯಾನೇಜರು ಶ್ರೀಪಾದ ಕಟ್ಟಿ. ಧಾರವಾಡದವರು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ, ಐವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಗೋದಾಮು ನೋಡಲು ಬರುತ್ತಿದ್ದರು. ಮೊದಲು ಮೇಲೆ ಬಂದು ಕುಳಿತುಕೊಳ್ಳುತ್ತಿದ್ದರು. ಇಂದುಮತಿ ಹುರಿದು ಪುಡಿ ಮಾಡಿದ ಕಾಫಿ ಕೊಡುತ್ತಿದ್ದಳು, ಜೊತೆಗೆ ಏನಾದರೂ ಕರಿದದ್ದು. ಆಮೇಲೆ ಮಾತು. ಧಾರವಾಡದ ಮಳೆ, ಉಡುಪಿಯ ಮಳೆ, ಯಾವುದು ಹೆಚ್ಚು ಎಂಬ ಜಗಳ. ಗಂಟೆ ಐದಾಗುವಾಗ ಕಟ್ಟಿಯವರು ಚೀಲದಿಂದ ಕಾಗದ ತೆಗೆದು ಸಹಿ ಹಾಕಿ, "ಬರ್ತೀನ್ರೀ ಬಾಯಾರ, ನಿಮ್ಮ ಕಾಫಿಗೆ ಶರಣು" ಎಂದು ಇಳಿದು ಹೋಗುತ್ತಿದ್ದರು. ಯಾವ ಕಾಗದ, ಏನು ಸಹಿ ಎಂದು ಇಂದುಮತಿ ಕೇಳಿದವಳಲ್ಲ. ಲೋಟ ತೊಳೆಯುವ ಕೆಲಸ ಇತ್ತಲ್ಲ.

೧೯೬೬ರ ಜೂನ್ ಮೊದಲ ವಾರ. ಗಣಪತಿ ಊಟ ಬಿಟ್ಟಿದ್ದ. ಸಾಲದ ಬಾಕಿ ಹನ್ನೊಂದು ಸಾವಿರದ ನಾನೂರು, ಕೈಯಲ್ಲಿ ಇನ್ನೂರೂ ಇಲ್ಲ. ಕಟ್ಟದಿದ್ದರೆ ಖಾತೆ ಬಂದ್. ಖಾತೆ ಬಂದಾದರೆ ಬರುವ ಜನವರಿಗೆ ಬಟ್ಟೆ ಇಲ್ಲ, ಕಾರಖಾನೆ ಇಲ್ಲ, ಆ ಆರು ಹೆಂಗಸರಿಗೆ ಕೂಲಿ ಇಲ್ಲ.

"ಇಂದೂ, ನೀನೊಂದು ಕಾಗದ ಬರಿ ಮಾರಾಯ್ತಿ" ಎಂದ. "ಊರವರಿಗೆಲ್ಲ ಬರೀತಿ. ಗಂಡನಿಗೊಂದು ಬರಿ. ದೀಪಾವಳಿ ಕಳೆದು ಕೊಡ್ತೇವೆ ಅಂತ ಸ್ವಲ್ಪ ಚೆಂದ ಮಾಡಿ ಬರಿ."

"ಚೆಂದ ಮಾಡಿ ಅಲ್ಲ, ಸರಿ ಮಾಡಿ ಬರೀತೇನೆ. ಲೆಕ್ಕ ಕೊಡಿ ನೋಡುವ."

ಅವಳು ಎರಡು ದಿನ ಹಿಡಿದಳು. ಜಾಂಗಡ್ ಚೀಟಿಗಳನ್ನೆಲ್ಲ ಊರಿನ ಪ್ರಕಾರ ವಿಂಗಡಿಸಿದಳು. ಗಂಡ ಬಟ್ಟೆ ಅಂಗಡಿಗೆ ಹೋದಾಗ ಬೀಗದ ಕೈ ತೆಗೆದುಕೊಂಡು ಗೋದಾಮಿಗೆ ಹೋಗಿ ತಾನೇ ಎಣಿಸಿದಳು. ಆಮೇಲೆ ಕಾರ್ಬನ್ ಹಾಳೆ ಇಟ್ಟು ಬರೆದಳು. ಯಾವ ತಿಂಗಳು ಎಷ್ಟು ಹೋಗುತ್ತದೆ, ಯಾವ ತಿಂಗಳು ಎಷ್ಟು ಬರುತ್ತದೆ ಎಂದು ಹನ್ನೆರಡು ಸಾಲಿನ ಪಟ್ಟಿ. ಸಾಲವನ್ನು ಮನ್ನಾ ಮಾಡಿ ಎಂದು ಕೇಳುತ್ತಿಲ್ಲ, ತೀರಿಸುವ ದಿನವನ್ನು ನಮ್ಮ ಹಂಗಾಮಿಗೆ ಹೊಂದಿಸಿ ಎಂದು ಕೇಳುತ್ತಿದ್ದೇವೆ. ಅಲ್ಲಿಯ ತನಕ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತೇವೆ, ಅಸಲನ್ನು ನವೆಂಬರ್ ಮತ್ತು ಡಿಸೆಂಬರಿನಲ್ಲಿ ಎರಡು ಕಂತಾಗಿ ಕೊಡುತ್ತೇವೆ. ಎಷ್ಟು ಚೊಕ್ಕ! ನಾಲ್ಕನೇ ಪರಿಚ್ಛೇದದಲ್ಲಿ, ನಂಬಿಕೆ ಬರಲೆಂದು, ಹೀಗೆ ಬರೆದಳು: "ಈ ದಿನ ನಮ್ಮ ಗೋದಾಮಿನಲ್ಲಿರುವುದು ನೂರಎಂಬತ್ತು ಕೊಡೆಗಳು. ಉಳಿದ ಎರಡು ಸಾವಿರದ ನಾನೂರ ಇಪ್ಪತ್ತು ಕೊಡೆಗಳು ಮಾರ್ಚ್‌ನಿಂದಲೇ ಅಹಮದಾಬಾದ್, ವಡೋದರಾ ಮತ್ತು ಸೂರತ್ತಿನ ಮೂವತ್ತೊಂದು ಅಂಗಡಿಗಳಲ್ಲಿ ಜಾಂಗಡಿನ ಮೇಲೆ ಇವೆ. ಚೀಟಿಗಳ ಪಟ್ಟಿ ಲಗತ್ತಿಸಿದೆ."

ಕೊನೆಗೆ ಎಡಗಡೆ, ಅಭ್ಯಾಸಬಲದಿಂದ: "ಪ್ರತಿ: ವಿಭಾಗೀಯ ಕಚೇರಿ, ಮುಂಬಯಿ."

ಗಣಪತಿಗೆ ಇಂಗ್ಲಿಷ್ ಓದಲು ಬಾರದು. ಎಲ್ಲಿ ಸಹಿ ಎಂದು ಕೇಳಿದ, ಹಾಕಿದ. ಅವಳೇ ಹೋಗಿ ಒಂದನ್ನು ಬ್ಯಾಂಕಿನ ಕೌಂಟರಿನಲ್ಲಿ ಕೊಟ್ಟು, ಮೊಹರು ಹೊಡೆಸಿ, ನಂಬರು ಬರೆಸಿಕೊಂಡಳು. ಇನ್ನೊಂದನ್ನು ದಾರಿಯಲ್ಲೇ ರಿಜಿಸ್ಟರ್ ಅಂಚೆಗೆ ಹಾಕಿದಳು. ಮನೆಗೆ ಬಂದು ನೆಮ್ಮದಿಯಾಗಿ ಅಕ್ಕಿ ನೆನೆಹಾಕಿದಳು.

ಮೂರನೇ ದಿನ ಬ್ಯಾಂಕಿನ ಪ್ಯೂನು ಬಂದ. ಸಾಹೇಬರು ಇಬ್ಬರನ್ನೂ ಕರೆಯುತ್ತಿದ್ದಾರಂತೆ, ಈಗಲೇ.

ಸಾಲ ಪಾಸಾಯಿತು ಎಂದುಕೊಂಡು ಗಣಪತಿ ಇಸ್ತ್ರಿ ಮಾಡಿದ ಅಂಗಿ ಹಾಕಿದ. ಹೋಗಿ ನೋಡಿದರೆ ಕಟ್ಟಿಯವರ ಮುಖದಲ್ಲಿ ರಕ್ತವೇ ಇಲ್ಲ. ಮೇಜಿನ ಮೇಲೆ ಇಂದುಮತಿಯ ಕಾಗದ; ಅದರ ಪಕ್ಕ ಮೂರು ಫಾರಮುಗಳು. "ಬರ್ರಿ" ಎನ್ನಲಿಲ್ಲ, "ಕೂಡ್ರಿ" ಎನ್ನಲಿಲ್ಲ. ಬಾಗಿಲು ಹಾಕಿ ಬಂದು ನಿಂತರು.

"ಗಣಪತಿಯವರ, ಮೇ ತಿಂಗಳ ತಃಖ್ತೆಯೊಳಗ ಎಷ್ಟು ಕೊಡೆ ಬರದೀರಿ?"

"ಎರಡು ಸಾವಿರದ ಆರುನೂರು. ಸರಿ ಉಂಟಲ್ಲ? ನೂರಎಂಬತ್ತಕ್ಕೆ ಎರಡು ಸಾವಿರದ ನಾನೂರ ಇಪ್ಪತ್ತು ಕೂಡಿಸಿ."

"ಫಾರಮಿನ ಮ್ಯಾಲೆ ಏನು ಅಚ್ಚಾಗೇದ? 'ನಮ್ಮ ಗೋದಾಮಿನೊಳಗ ಇರುವ ಮಾಲು' ಅಂತ ಅದ. ಕೆಳಗ ಇದು ಖರೇ ಅಂತ ಪ್ರಮಾಣ ಮಾಡಿ ಸಹಿ ಹಾಕೀರಿ. ಮಾರ್ಚ್, ಎಪ್ರಿಲ್, ಮೇ, ಮೂರು ಸಲ."

ಗಣಪತಿ ಹೆಂಡತಿಯ ಮುಖ ನೋಡಿದ. ಫಾರಮಿನಲ್ಲಿ ಅಂಕಿ ಎಲ್ಲಿ ತುಂಬಬೇಕು ಎಂದು ಹಿಂದೆ ಯಾವನೋ ಗುಮಾಸ್ತ ತೋರಿಸಿದ್ದ, ಅಲ್ಲಿ ತುಂಬುತ್ತಾ ಬಂದಿದ್ದ. ಅಚ್ಚಾದ ಸಾಲು ಅವನಿಗೆ ಗೀಟು ಇದ್ದ ಹಾಗೆ. "ಜಾಂಗಡ್ ಅಂದ್ರೆ ಮಾಲು ನಮ್ಮದೇ ಅಲ್ವಾ ಸಾಹೇಬ್ರೆ? ಮಾರುವ ತನಕ ನಮ್ಮದೇ. ಇಡೀ ಮಾಣೆಕ್ ಚೌಕ್ ಹೇಳ್ತದೆ."

"ಮಾಣೆಕ್ ಚೌಕ್ ಸಾಲ ಕೊಟ್ಟಿಲ್ರೀ, ಬ್ಯಾಂಕ್ ಕೊಟ್ಟದ! ಕೈಗೆ ಸಿಗೂ ಮಾಲಿನ ಮ್ಯಾಲೆ ಕೊಟ್ಟದ. ನೂರಎಂಬತ್ತು ಕೊಡೆಗೆ ಆರರಂತೆ ಸಾವಿರದ ಎಂಬತ್ತು ರೂಪಾಯಿ. ಅದಕ್ಕ ನಿಮಗ ಎಂಟನೂರಾ ಹತ್ತು ರೂಪಾಯಿ ಸಾಲ ಬರ್ತದ. ನೀವು ತಗೊಂಡದ್ದು ಹನ್ನೊಂದು ಸಾವಿರದಾ ನಾನೂರು. ಇದಕ್ಕ ಕೋರ್ಟಿನೊಳಗ ಏನಂತಾರ ಗೊತ್ತದ ಏನು?"

ಇಂದುಮತಿ ಮೇಜಿನ ಮೇಲಿನ ತನ್ನ ಕಾಗದವನ್ನು ನೋಡಿದಳು. ಕೋರ್ಟು! ತನ್ನ ಕೈಯಾರೆ, ಅಚ್ಚು ಹಾಕಿದಂಥ ಅಕ್ಷರದಲ್ಲಿ, ಗಂಡ ಸುಳ್ಳು ಪ್ರಮಾಣ ಮಾಡಿದ ಎಂದು ಬರೆದು ಮೊಹರು ಹೊಡೆಸಿಕೊಂಡು ಬಂದಿದ್ದಳು.

ಗಣಪತಿ ಮೇಜಿನ ಹತ್ತಿರಕ್ಕೆ ಬಂದ. "ಸಾಹೇಬ್ರೆ, ಇವಳಿಗೆ ವ್ಯಾಪಾರ ಎಂತ ಗೊತ್ತುಂಟು? ತಪ್ಪಿ ಬರೆದಿದ್ದಾಳೆ. ಇಂದೂ, ಹೇಳು. ತಪ್ಪಾಯ್ತು ಅಂತ ಹೇಳಿ ಕಾಗದ ವಾಪಸ್ ತಗೊ."

ಕಟ್ಟಿಯವರೂ ಅವಳ ಕಡೆ ತಿರುಗಿದರು. ವಿಚಿತ್ರವೆಂದರೆ ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. "ಹೇಳ್ರಿ ಬಾಯಾರ. ನೀವು ಎಣಿಸೂದು ತಪ್ಪೀರಿ ಏನು?"

ಹೌದು ಎಂದರೆ ಮುಗಿಯಿತು. ಒಂದು ಶಬ್ದ. ಆದರೆ ಆ ಸುಟ್ಟ ನಾಲಗೆ ಏಳಬೇಕಲ್ಲ! "ನಾನೇ ಬಾಗಿಲು ತೆಗೆದು ಎರಡು ಸಲ ಎಣಿಸಿದ್ದೇನೆ" ಎಂದಳು. "ನೂರಎಂಬತ್ತೇ ಇರುದು. ತಿಂಗಳು ತಿಂಗಳು ನೀವೂ ನೋಡ್ತೀರಲ್ಲ, ನಿಮಗೆ ಗೊತ್ತಿಲ್ವಾ?"

ಕಟ್ಟಿಯವರು ದೊಪ್ಪೆಂದು ಕುಳಿತುಬಿಟ್ಟರು.

ಅವರು ಫೈಲಿನ ಕೆಳಗಿಂದ ಇನ್ನೂ ಮೂರು ಕಾಗದ ಎಳೆದು ಅವಳ ಮುಂದೆ ಇಟ್ಟರು. ಗೋದಾಮು ತಪಾಸಣೆಯ ವರದಿಗಳು. "ಖುದ್ದು ಒಳಹೊಕ್ಕು ನೋಡಿದೆ, ಎಣಿಸಿದೆ, ತಃಖ್ತೆಗೆ ಸರಿ ಇದೆ." ಕೆಳಗೆ ಶ್ರೀಪಾದ ಕಟ್ಟಿ, ಶ್ರೀಪಾದ ಕಟ್ಟಿ, ಶ್ರೀಪಾದ ಕಟ್ಟಿ. ತಾರೀಕುಗಳನ್ನು ನೋಡಿದಳು. ಮೂರೂ ತಿಂಗಳ ಕೊನೆಯ ಶನಿವಾರಗಳು. ಮೊದಲನೆಯ ದಿನ ನೀರುಳ್ಳಿ ಬಜೆ ಮಾಡಿದ್ದಳು, ಎರಡನೆಯ ದಿನ ಗೋಳಿಬಜೆ, ಮೂರನೆಯ ದಿನ ಕಾಫಿ ಎರಡು ಸಲ ಕುಡಿದಿದ್ದರು. ಅಯ್ಯೋ ದೇವರೇ! ಆ ಲೋಟದ ಪಕ್ಕದಲ್ಲಿ ಇಟ್ಟು ಸಹಿ ಹಾಕುತ್ತಿದ್ದ ಕಾಗದ ಇದು.

"ಮೂರೂ ದಿನ ನಾ ಕೆಳಗ ಇಳದಿಲ್ಲ" ಎಂದರು ಕಟ್ಟಿ. ದನಿ ಇನ್ನೂ ಸಣ್ಣದಾಗಿತ್ತು. "ಇಲ್ಲೇ ಕಾಗದ ಹರದು ಒಗದೇನು, ಹೊಸಾದು ಬರಸಿಕೊಂಡೇನು ಅಂತ ಎರಡು ದಿನಾ ಕೂತೆ. ಮೊಹರಿನ ನಂಬರಿಗೂ ಏನಾರ ಮಾಡಬಹುದಾಗಿತ್ತು. ಆಮ್ಯಾಲೆ ಈ ಕಡೀ ಸಾಲು ನೋಡಿದೆ." ಬೆರಳು ಎಡಗಡೆಯ ಕೊನೆಯ ಸಾಲಿನ ಮೇಲೆ ನಿಂತಿತು. "ಇದನ್ನ ಖರೇನ ಕಳಿಸೀರೇನು?"

"ರಿಜಿಸ್ಟರ್ ಮಾಡಿದ್ದೇನೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

ದಾರಿಯುದ್ದಕ್ಕೂ ಗಣಪತಿ ಹತ್ತು ಹೆಜ್ಜೆ ಮುಂದೆ ನಡೆದ. ಮನೆಗೆ ಬಂದವನೇ ಸಿಡಿದ. "ಎಂತ ಹೆಂಗಸು ನೀನು! ನಾನು ಹೇಳಿದ್ದೆಂತ, ನೀನು ಬರೆದದ್ದೆಂತ! ಪ್ರತಿ ಅಂತೆ ಪ್ರತಿ! ನನ್ನನ್ನು ಜೈಲಿಗೆ ಕಳಿಸ್ಲಿಕ್ಕೆ ಮುಂಬಯಿಗೆ ಪ್ರತಿ!"

"ಫಾರಮಿನಲ್ಲಿ ಎಂತ ಉಂಟು ಅಂತ ಒಂದು ದಿನ ನನ್ನ ಹತ್ರ ಕೇಳಿದ್ದಿದ್ರೆ? ಊರವರೆಲ್ಲ ಕೇಳ್ತಾರೆ!"

ಆಮೇಲೆ ಎರಡು ವಾರ ಇಬ್ಬರ ನಡುವೆ ಮಾತಿಲ್ಲ. ಇಂದುಮತಿ ಪೆನ್ನು ಮುಟ್ಟಲಿಲ್ಲ. ಅರ್ಜಿ ಬರೆಸಲು ಬಂದ ಗೌರಮ್ಮನನ್ನು ತಲೆನೋವೆಂದು ಹೇಳಿ ಕಳಿಸಿದಳು. ಅದು ಅವಳು ಹೇಳಿದ ಮೊದಲ ಸುಳ್ಳಿರಬೇಕು, ಆದರೆ ಅಷ್ಟೊಂದು ಸುಳ್ಳೂ ಅಲ್ಲ.

ಜೂನ್ ಇಪ್ಪತ್ತಕ್ಕೆ ಮುಂಬಯಿಯಿಂದ ಪಟ್ಟಾಭಿರಾಮ ಎಂಬ ಇನ್‌ಸ್ಪೆಕ್ಟರು ಬಂದಿಳಿದರು. ಕಾಫಿ ಬೇಡ ಎಂದರು, ನೀರೂ ಬೇಡ ಎಂದರು. ಗೋದಾಮಿನ ಬಾಗಿಲು ತೆಗೆಸಿ ಎಣಿಸಿದರು. ನೂರಎಂಬತ್ತು. ಚೀಟಿಗಳನ್ನು ಹಿಡಿದು ಎರಡು ದಿನ ಮಾಣೆಕ್ ಚೌಕ್ ಸುತ್ತಿದರು. ವಡೋದರಾಕ್ಕೆ, ಸೂರತ್ತಿಗೆ ಹೋಗಿ ಅಂಗಡಿ ಅಂಗಡಿ ಹೊಕ್ಕು ನೋಡಿದರು. ಒಂದು ಕೊಡೆಯೂ ತಪ್ಪಿರಲಿಲ್ಲ. ಅವಳ ಪಟ್ಟಿಯಲ್ಲಿ ಇದ್ದದ್ದು ಅಂಗಡಿಯಲ್ಲಿ ಇತ್ತು, ಇಲ್ಲವೇ ಮಾರಿದ್ದಕ್ಕೆ ಬರಹ ಇತ್ತು.

ಇಪ್ಪತ್ತೆಂಟಕ್ಕೆ ಮುಂಬಯಿಯ ಕಾಗದ ಬಂತು. ಗಣಪತಿ ಅದನ್ನು ಎರಡು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಇದನ್ನು ಓದು. ಅಚ್ಚಾದದ್ದೂ ಓದು, ಒಂದೂ ಬಿಡಬೇಡ." ಎರಡು ವಾರ ಕಳೆದು ಅವನಾಡಿದ ಮೊದಲ ಮಾತು.

ಅವಳು ಓದಿದಳು. ಸಾಲವನ್ನು ಈಗ ವಾಪಸ್ಸು ಕೇಳುವುದಿಲ್ಲ. ಗೋದಾಮಿನಲ್ಲಿರುವ ಕೊಡೆಗಳನ್ನು ನಗದಿಗೆ ಮಾರಿ ಸಾವಿರ ರೂಪಾಯಿ ಕೂಡಲೇ ಕಟ್ಟಬೇಕು. ಉಳಿದ ಹತ್ತು ಸಾವಿರದ ನಾನೂರು ನವೆಂಬರ್ ಕೊನೆಗೊಂದು, ಡಿಸೆಂಬರ್ ಕೊನೆಗೊಂದು ಕಂತು. ಅಲ್ಲಿಯ ತನಕ ಹೊಸದಾಗಿ ಒಂದು ಪೈಸೆಯೂ ಎತ್ತುವಂತಿಲ್ಲ, ಬಡ್ಡಿ ತಿಂಗಳು ತಿಂಗಳು, ಒಂದು ಪರ್ಸೆಂಟ್ ಹೆಚ್ಚು. ಜಾಂಗಡ್ ಚೀಟಿಗಳೆಲ್ಲ ಬ್ಯಾಂಕಿನ ವಶ. ಸೇಠ್‌ಗಳು ಕೊಡುವ ದುಡ್ಡು ನೇರ ಖಾತೆಗೆ. ಇವೆಲ್ಲ ಸರಿಯಾಗಿ ನಡೆದರೆ ಜನವರಿಯಿಂದ ಹಂಗಾಮಿಗೆ ತಕ್ಕಂತೆ ಏರಿ, ದೀಪಾವಳಿ ನಂತರ ಇಳಿಯುವ ಹೊಸ ಸಾಲ. ಕೊನೆಯಲ್ಲಿ: "ಸಾಲಗಾರರು ತಾವಾಗಿಯೇ ನಿಜಸ್ಥಿತಿ ತಿಳಿಸಿರುವುದನ್ನು ಗಮನಿಸಿ, ಈ ಸಲಕ್ಕೆ ಬೇರೆ ಕ್ರಮ ಕೈಗೊಳ್ಳುತ್ತಿಲ್ಲ."

ಗಣಪತಿ ಅಲ್ಲೇ ಹೊಸ್ತಿಲಲ್ಲಿ ಕುಳಿತು ಮುಖ ಮುಚ್ಚಿಕೊಂಡ. ಕಾರಖಾನೆ ಉಳಿದಿತ್ತು. ಇಂದುಮತಿಗೂ ಅಳು ಬಂತು, ಜೊತೆಗೆ ಸ್ವಲ್ಪ ಜಂಬವೂ ಬಂತು, ಸುಳ್ಳೇಕೆ ಹೇಳಲಿ? ಅದು ಇದ್ದದ್ದು ಮುಂದಿನ ಶನಿವಾರದ ತನಕ ಮಾತ್ರ.

ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಅದೇ ಚಪ್ಪಲಿಯ ಸದ್ದು. ಕಟ್ಟಿಯವರು. ಒಂದು ತಿಂಗಳಲ್ಲಿ ಹತ್ತು ವರ್ಷ ಹೆಚ್ಚಾದಂತಿತ್ತು. ಕೈಯಲ್ಲಿ ಒಂದು ಲಕೋಟೆ. ಗಣಪತಿ ಎದ್ದು ಕುರ್ಚಿ ಕೊಟ್ಟ. ಇಂದುಮತಿ ಕಾಫಿ ತಂದಿಟ್ಟಳು. ಅವರು ಲೋಟ ಮುಟ್ಟಲಿಲ್ಲ.

"ಬಾಯಾರ, ನನಗ ಒಂದು ಕಾಗದ ಬರದು ಕೊಡ್ರಿ."

ಲಕೋಟೆಯಲ್ಲಿ ಮುಂಬಯಿಯ ಮೆಮೊ ಇತ್ತು. ನೋಡದೆ ನೋಡಿದೆನೆಂದು ಮೂರು ಬಾರಿ ಬರೆದಿದ್ದಕ್ಕೆ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು, ಏಳು ದಿನದೊಳಗೆ ಉತ್ತರ ಕೊಡಿ. ಇಂದುಮತಿ ಎರಡು ಬಾರಿ ಓದಿದಳು. ಮೂವತ್ತು ವರ್ಷದ ನೌಕರಿ, ಊರಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣು ಮಕ್ಕಳು. ಅವಳ ಒಂದು ಸಾಲು ಇಷ್ಟು ದೂರ ಬಂದಿತ್ತು.

"ನಾನಾ?" ಎಂದಳು. "ನನ್ನಿಂದಲೇ ಆದದ್ದು ಇದೆಲ್ಲ. ನನ್ನ ಹತ್ರ ಹೇಗೆ ಬರೆಸ್ತೀರಿ ನೀವು?"

"ಆರು ದಿನಾ ಕೂತು ಬರದೆ. ಜ್ವರ ಇತ್ತು ಅಂತ ಬರದೆ, ಹರದೆ. ಮಳಿ ಇತ್ತು ಅಂತ ಬರದೆ, ಮೇ ತಿಂಗಳೊಳಗ ಇಲ್ಲೆ ಎಲ್ಲಿ ಮಳಿ? ಅದನ್ನೂ ಹರದೆ. ಇದ್ದದ್ದು ಇದ್ದಂಗ ಬರಿಯೂದು ನನಗ ಬರೂದಿಲ್ರೀ. ನಿಮ್ಮ ಕಾಗದ ಓದಿ ಮುಂಬಯಿಯವರು ನಂಬಿದ್ರಲ್ಲ."

"ಯಾಕೆ ಕೆಳಗೆ ಇಳಿಯಲಿಲ್ಲ ನೀವು?" ಎಂದಳು ಇಂದುಮತಿ. "ಒಂದು ಸಲ ಬಾಗಿಲು ತೆಗಿ ಅಂದಿದ್ರೆ ಇವರು ತೆಗೀತಿದ್ರು."

ಕಟ್ಟಿಯವರು ಕಾಫಿಯ ಲೋಟವನ್ನೇ ನೋಡುತ್ತಿದ್ದರು. "ತಿಂಗಳಿಗೆ ಒಂದ ದಿನಾ ನಾ ಮನಸಾರೆ ಕನ್ನಡ ಮಾತಾಡತಿದ್ದೆ. ಇಲ್ಲೆ, ಈ ಕುರ್ಚಿ ಮ್ಯಾಲೆ. ತಿಂದು ಉಂಡು, ನಕ್ಕು, ಆಮ್ಯಾಲೆ ನಡೀರಿ ನಿಮ್ಮ ಗೋದಾಮ್ ತೋರಸ್ರಿ ಅಂತ ಹ್ಯಾಂಗ ಅನ್ಲಿ? ನಾಚಿಕಿ ಆತು. ಅಷ್ಟ."

ಗಣಪತಿ ಕಿಟಕಿಯ ಕಡೆ ತಿರುಗಿಕೊಂಡ. ಇಂದುಮತಿ ಎದ್ದು, ತಿಂಗಳಿಂದ ಮುಟ್ಟದಿದ್ದ ಪೆನ್ನಿಗೆ ಮಸಿ ತುಂಬಿದಳು. ಮೊದಲ ಬಾರಿಗೆ ಅವಳ ಅಕ್ಷರ ಅಚ್ಚಿನ ಹಾಗೆ ಬರಲಿಲ್ಲ. ಬರೆದು ಮುಗಿಸಿ, ಕನ್ನಡದಲ್ಲಿ ಅರ್ಥ ಹೇಳುತ್ತಾ ಓದಿದಳು.

"ಆ ಮೂರು ದಿನವೂ ನಾನು ಗೋದಾಮಿನ ಮೇಲಿನ ಕೋಣೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ. ಗೋದಾಮಿಗೆ ಹದಿನಾಲ್ಕು ಮೆಟ್ಟಿಲು. ನಾನು ಇಳಿಯಲಿಲ್ಲ. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ನನಗೆ ಹಣ ಕೊಡಲಿಲ್ಲ. ತಪ್ಪು ನನ್ನದು."

"ಹದಿನಾಲ್ಕ ಏನು?" ಎಂದರು ಕಟ್ಟಿ.

"ಹದಿನಾಲ್ಕು. ಎಣಿಸಿದ್ದೇನೆ."

ಅವರು ಪೆನ್ನು ತೆಗೆದುಕೊಂಡರು. ಸಹಿ ಹಾಕುವ ಮೊದಲು ಕಾಗದದ ಎಡಗಡೆಯ ಕೆಳಗಿನ ಮೂಲೆಯನ್ನು ನೋಡಿದರು. ಅಲ್ಲಿ ಯಾರಿಗೂ ಪ್ರತಿ ಇರಲಿಲ್ಲ. ಸಹಿ ಹಾಕಿ, ಮಡಚಿ, ಜೇಬಿನಲ್ಲಿಟ್ಟು ಎದ್ದರು. "ಬಾಯಾರ" ಎಂದು ಕೈ ಮುಗಿದರು. ಇಂದುಮತಿ ಬಾಗಿಲಲ್ಲಿ ನಿಂತು, ಅವರು ಇಳಿಯುವ ಮೆಟ್ಟಿಲುಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಕೆಳಗೆ ಬಂದ ಮೇಲೆ ಅವರು ಹೊರಗೆ ಹೋಗಲಿಲ್ಲ; ಗೋದಾಮಿನ ಮುಂದೆ ನಿಂತು, ತೆರೆದಿದ್ದ ಬಾಗಿಲಿನಿಂದ ಒಳಗೆ ಇಣುಕಿದರು. ನೂರಎಂಬತ್ತೂ ನಗದಿಗೆ ಮಾರಿಹೋಗಿ ಕೋಣೆ ಪೂರ್ತಿ ಖಾಲಿಯಾಗಿತ್ತು.

ಒಂದು ತಿಂಗಳು ಬಿಟ್ಟು ತಿಳಿಯಿತು: ಕೆಲಸ ಉಳಿದಿತ್ತು, ಮ್ಯಾನೇಜರಿಕೆ ಹೋಗಿತ್ತು. ಬಿಜಾಪುರದ ಶಾಖೆಯಲ್ಲಿ ಗುಮಾಸ್ತಿಕೆ. ಹೊಸ ಮ್ಯಾನೇಜರು ತಿಂಗಳ ಕೊನೆಯ ಶನಿವಾರ ಬಂದು ನೇರ ಗೋದಾಮಿಗೆ ಹೋಗಿ ಎಣಿಸಿ, ಮೇಲೆ ಹತ್ತದೆ ಹೋಗುತ್ತಾರೆ. ಇಂದುಮತಿ ಈಗಲೂ ಎಲ್ಲರ ಅರ್ಜಿ ಬರೆದುಕೊಡುತ್ತಾಳೆ, ಇದ್ದದ್ದು ಇದ್ದ ಹಾಗೆ. ಕೊನೆಯ ಸಾಲಿಗೆ ಬಂದಾಗ ಮಾತ್ರ ಪೆನ್ನು ಎತ್ತಿ ಹಿಡಿದು ಕೇಳುತ್ತಾಳೆ: "ಇದನ್ನು ಓದಿದರೆ ಯಾರಿಗೆ ಏನಾಗುತ್ತದೆ, ಮೊದಲು ಅದನ್ನು ಹೇಳಿ."